ಕಾನೂನು ಪ್ರವೇಶ ಪರೀಕ್ಷೆಯ ಪ್ರಿನ್ಸಿಪಲ್-ಫ್ಯಾಕ್ಟ್ ಪ್ರಶ್ನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಪಿಯುಸಿ ಮಕ್ಕಳು ಮತ್ತು ಅವರ ಮನೆಯವರು ತರಗತಿಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರು ಮಾಡಬಹುದು. ಆದರೆ ಇದು ಹೊಸದಾಗಿದ್ದರೆ ಮೊದಲಿನಿಂದ ಬನ್ನಿ.

## ಶುರುವಿನ ಪ್ರಶ್ನೆಗಳು

ಸರ, ಪ್ರಿನ್ಸಿಪಲ್-ಫ್ಯಾಕ್ಟ್ ಅಂದ್ರ ಏನ್ರಿ? ನಂದು ಪಿಯುಸಿ ಸೈನ್ಸು. ಕಾನೂನು ಒಂದಕ್ಷರ ಓದಿಲ್ಲ.

ಓದಿಲ್ಲದಿದ್ದರೆ ತೊಂದರೆ ಇಲ್ಲ. ಪ್ರಶ್ನೆಯಲ್ಲಿ ಮೊದಲು ಒಂದು ನಿಯಮ ಇರುತ್ತದೆ, ಅದು ಪ್ರಿನ್ಸಿಪಲ್. ಅದರ ಕೆಳಗೆ ಒಂದು ಸಣ್ಣ ಘಟನೆ ಇರುತ್ತದೆ, ಅದು ಫ್ಯಾಕ್ಟ್. ಆ ನಿಯಮವನ್ನು ಆ ಘಟನೆಗೆ ಹಚ್ಚಿದರೆ ಏನು ತೀರ್ಮಾನ ಬರುತ್ತದೆ ಎಂದು ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸಬೇಕು. ಉತ್ತರಕ್ಕೆ ಬೇಕಾದದ್ದೆಲ್ಲ ಪ್ರಶ್ನೆಪತ್ರಿಕೆಯಲ್ಲೇ ಇರುತ್ತದೆ. ಕಾನೂನು ಎಷ್ಟು ಗೊತ್ತು ಎಂದು ಇಲ್ಲಿ ನೋಡುವುದಿಲ್ಲ. ಕೊಟ್ಟ ನಿಯಮವನ್ನು ಏನೂ ಸೇರಿಸದೆ, ಏನೂ ಬಿಡದೆ ಹಚ್ಚಬಲ್ಲಿರಾ ಎಂದು ನೋಡುತ್ತಾರೆ.

ಈಗ ಕ್ಲ್ಯಾಟ್‌ನಾಗ ಉದ್ದುದ್ದ ಪ್ಯಾಸೇಜ್ ಬರ್ತಾವಲ್ಲ, ಹಳೇ ಪ್ರಶ್ನೆ ಯಾಕ ಮಾಡಬೇಕು?

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ 2008ರಲ್ಲಿ ಶುರುವಾಯಿತು. ಎರಡು ಸಾಲಿನ ನಿಯಮ, ನಾಲ್ಕು ಸಾಲಿನ ಘಟನೆ ಕೊಡುವ ರೂಪ ಬಹಳ ವರ್ಷ ನಡೆಯಿತು. 2020ರ ಪರೀಕ್ಷೆಯಿಂದ ಕಾನೂನು ವಿಭಾಗದಲ್ಲಿ ಒಂದು ಗದ್ಯಭಾಗ ಕೊಟ್ಟು ಅದರ ಕೆಳಗೆ ಹಲವು ಪ್ರಶ್ನೆ ಕೇಳುತ್ತಿದ್ದಾರೆ. ರೂಪ ಬದಲಾದರೂ ಕೆಲಸ ಅದೇ. ಮೊದಲು ನಿಯಮವನ್ನು ಕೈಗೆ ಕೊಡುತ್ತಿದ್ದರು, ಈಗ ಗದ್ಯದೊಳಗಿಂದ ನೀವೇ ಹುಡುಕಿ ತೆಗೆಯಬೇಕು. ತೆಗೆದ ಮೇಲೆ ಘಟನೆಗೆ ಹಚ್ಚುವ ಕ್ರಮದಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ಮೊದಲು ಹಳೆಯ ಚಿಕ್ಕ ಪ್ರಶ್ನೆಗಳಲ್ಲಿ ಕೈ ಕುದುರಿಸಿಕೊಂಡು ಆಮೇಲೆ ಗದ್ಯಭಾಗಕ್ಕೆ ಹೋಗುವುದು ಒಳ್ಳೆಯದು.

ಕಾನೂನಿನಾಗ ಇಲ್ಲದ್ದು ಬರೆದು 'ಇದೇ ನಿಯಮ' ಅಂದ್ರ ಹೆಂಗ ಒಪ್ಪೋದ್ರಿ? ನಮ್ಮ ಮಾವ ವಕೀಲರು, ಪುಸ್ತಕದ ಉತ್ತರಾನೇ ತಪ್ಪು ಅಂತಾರ.

ನಿಮ್ಮ ಮಾವ ಹೇಳುವುದು ಕೋರ್ಟಿನಲ್ಲಿ ಸರಿ, ಪುಸ್ತಕದ ಉತ್ತರ ಪರೀಕ್ಷೆಯಲ್ಲಿ ಸರಿ. ಒಂದು ಪ್ರಶ್ನೆ ನೋಡಿ.

ನಿಯಮ: ಬೇರೆಯವರ ಸ್ವಾಧೀನದಲ್ಲಿರುವ ಚರ ವಸ್ತುವನ್ನು ಅವರ ಒಪ್ಪಿಗೆ ಇಲ್ಲದೆ ಒಯ್ದವರು, ಉದ್ದೇಶ ಏನೇ ಇದ್ದರೂ, ಕಳ್ಳತನ ಮಾಡಿದಂತೆ.

ಘಟನೆ: ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಅಮರೇಶ ಮತ್ತು ಖಾಸಿಂ ಪಕ್ಕಪಕ್ಕದಲ್ಲಿ ಕೂತಿದ್ದಾರೆ. ಇಬ್ಬರ ಕೈಚೀಲವೂ ಒಂದೇ ಬಣ್ಣದ್ದು. ಅಮರೇಶ ತನ್ನದೇ ಎಂದು ತಿಳಿದು ಖಾಸಿಮನ ಚೀಲ ಹಿಡಿದುಕೊಂಡು ಹೋದ. ಇದು ಕಳ್ಳತನವೇ?

ನಿಜವಾದ ಕಾನೂನಿನಲ್ಲಿ ಅಲ್ಲ. ಭಾರತೀಯ ದಂಡ ಸಂಹಿತೆಯ 378ನೇ ಕಲಮಿನಲ್ಲೂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲೂ ಕಳ್ಳತನಕ್ಕೆ ಅಪ್ರಾಮಾಣಿಕ ಉದ್ದೇಶ ಇರಲೇಬೇಕು. ಅಮರೇಶನಿಗೆ ಅದು ಇರಲಿಲ್ಲ. ಆದರೆ ಇಲ್ಲಿ ಕೊಟ್ಟ ನಿಯಮ ಉದ್ದೇಶವನ್ನು ಬಾಯಿಬಿಟ್ಟು ಹೊರಗಿಟ್ಟಿದೆ. ಚರ ವಸ್ತು ಹೌದು, ಖಾಸಿಮನ ಸ್ವಾಧೀನ ಹೌದು, ಒಪ್ಪಿಗೆ ಇಲ್ಲ, ಒಯ್ದದ್ದೂ ಹೌದು. ಆದ್ದರಿಂದ ಈ ಪ್ರಶ್ನೆಗೆ ಉತ್ತರ: ಕಳ್ಳತನ.

ಓಣಿ ಕ್ರಿಕೆಟ್ಟಿನಲ್ಲಿ ಚೆಂಡು ಕಾಂಪೌಂಡು ದಾಟಿದರೆ ಔಟ್ ಅಂತ ಮೊದಲೇ ಮಾತಾಗಿದ್ದರೆ, ದೊಡ್ಡ ಮೈದಾನದಲ್ಲಿ ಅದು ಸಿಕ್ಸರ್ ಅಂತ ವಾದ ಮಾಡಿ ಪ್ರಯೋಜನವಿಲ್ಲ. ಇಲ್ಲೂ ಹಾಗೆಯೇ. ಹೀಗೆ ಮಾಡುವುದಕ್ಕೆ ಗಟ್ಟಿ ಕಾರಣವಿದೆ. ವಕೀಲರ ಮನೆಯ ಮಗುವಿಗೂ, ಕಾನೂನಿನ ಪುಸ್ತಕ ಕಣ್ಣಲ್ಲೇ ನೋಡದ ಮಗುವಿಗೂ ಒಂದೇ ನೆಲ ಸಿಗಬೇಕು. ನಿಯಮವನ್ನು ಕಾನೂನಿನಿಂದ ಸ್ವಲ್ಪ ಸರಿಸಿಟ್ಟರೆ ಮೊದಲೇ ಬಾಯಿಪಾಠ ಮಾಡಿದವರಿಗೆ ಲಾಭವಾಗುವುದಿಲ್ಲ, ಗಮನವಿಟ್ಟು ಓದಿದವರಿಗೆ ಆಗುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಇದು ಅನುಕೂಲವೇ ಎಂದು ನಾನು ನಂಬಿದ್ದೇನೆ.

## ಬಿಡಿಸುವ ಕ್ರಮ

ಒಂದು ಪ್ರಶ್ನೆ ಪೂರ್ತಿ ಬಿಡಿಸಿ ತೋರಿಸ್ರಿ. ನೀವು ಉತ್ತರ ಹೇಳಿದ ಮ್ಯಾಲೆ ಸರಿ ಅನಿಸ್ತದ, ನಾನೇ ಕೂತ್ರ ಬರೂದಿಲ್ಲ.

ನಿಯಮ: ಹೊರಗೆ ನುಗ್ಗಿದರೆ ಹಾನಿ ಮಾಡಬಲ್ಲ ವಸ್ತುವನ್ನು ತನ್ನ ಜಮೀನಿನಲ್ಲಿ ತಂದು ಕೂಡಿಟ್ಟವನು, ಅದು ಹೊರಬಿದ್ದು ಬೇರೆಯವರಿಗೆ ಹಾನಿ ಮಾಡಿದರೆ, ತನ್ನ ನಿರ್ಲಕ್ಷ್ಯ ಇಲ್ಲದಿದ್ದರೂ ಹೊಣೆಗಾರ. ಆದರೆ ಹೊರಗಿನವರ ಕೃತ್ಯದಿಂದ ಅದು ಹೊರಬಿದ್ದಿದ್ದರೆ ಹೊಣೆ ಇಲ್ಲ.

ಘಟನೆ: ಗಂಗಾವತಿ ಹತ್ತಿರದ ರೈತ ಬಸವರಾಜ ತನ್ನ ಹೊಲದಲ್ಲಿ ಕೃಷಿ ಹೊಂಡ ತೋಡಿಸಿ ಕಾಲುವೆ ನೀರು ತುಂಬಿಸಿದ. ಎಂಜಿನಿಯರ್ ಹೇಳಿದಂತೆ ಬದು ಕಟ್ಟಿಸಿದ್ದ, ವಾರಕ್ಕೊಮ್ಮೆ ನೋಡಿಕೊಳ್ಳುತ್ತಿದ್ದ. ಒಂದು ರಾತ್ರಿ ಬದು ಒಡೆದು, ಪಕ್ಕದ ಹುಸೇನಪ್ಪ ಕಣದಲ್ಲಿ ಹಾಕಿದ್ದ ಭತ್ತದ ರಾಶಿ ನೀರುಪಾಲಾಯಿತು. ಯಾರೋ ಬೇಕಂತಲೇ ಬದು ಕಡಿದಿರಬೇಕು ಎಂದು ಊರಲ್ಲಿ ಕೆಲವರು ಆಡಿಕೊಂಡರು. ಆದರೆ ಹಾಗೆ ಕಡಿದ ಗುರುತು ಎಲ್ಲೂ ಸಿಗಲಿಲ್ಲ. ಬಸವರಾಜ ಹೊಣೆಗಾರನೇ?

ಅ) ಅಲ್ಲ, ಏಕೆಂದರೆ ಆತ ಎಲ್ಲ ಎಚ್ಚರಿಕೆ ವಹಿಸಿದ್ದ.
ಆ) ಅಲ್ಲ, ಏಕೆಂದರೆ ಬದುವನ್ನು ಹೊರಗಿನವರು ಕಡಿದಿದ್ದಾರೆ.
ಇ) ಹೌದು, ಏಕೆಂದರೆ ಬದು ಒಡೆದಿದೆ ಎಂದರೆ ಎಲ್ಲೋ ನಿರ್ಲಕ್ಷ್ಯ ಆಗಿರಲೇಬೇಕು.
ಈ) ಹೌದು, ಏಕೆಂದರೆ ಆತ ಕೂಡಿಟ್ಟ ನೀರು ಹೊರಬಿದ್ದು ಹಾನಿ ಮಾಡಿದೆ.

ಆಯ್ಕೆಗಳ ಕಡೆ ಕಣ್ಣು ಹಾಯಿಸುವ ಮೊದಲು ನಿಯಮವನ್ನು ತುಂಡು ಮಾಡಿ. ಹೊಣೆ ಬರಲು ಮೂರು ಸಂಗತಿ ಬೇಕು: ಹಾನಿ ಮಾಡಬಲ್ಲ ವಸ್ತುವನ್ನು ತಂದು ಕೂಡಿಟ್ಟಿರಬೇಕು, ಅದು ಹೊರಬಿದ್ದಿರಬೇಕು, ಬೇರೆಯವರಿಗೆ ಹಾನಿಯಾಗಿರಬೇಕು. ಒಂದು ಸಂಗತಿ ಬೇಡ ಎಂದು ನಿಯಮವೇ ಹೇಳಿದೆ: ನಿರ್ಲಕ್ಷ್ಯ. ತಪ್ಪಿಸಿಕೊಳ್ಳಲು ಒಂದೇ ದಾರಿ ಕೊಟ್ಟಿದೆ: ಹೊರಗಿನವರ ಕೃತ್ಯ.

ಈಗ ಘಟನೆಗೆ ಹಚ್ಚಿ. ಹೊಂಡದಲ್ಲಿ ತಾನಾಗಿ ನಿಂತ ಮಳೆ ನೀರಲ್ಲ, ಆತನೇ ಕಾಲುವೆಯಿಂದ ತಂದು ತುಂಬಿಸಿದ್ದು. ಅದು ಹೊರಬಿತ್ತು, ರಾಶಿ ಹೋಯಿತು. ಮೂರೂ ಕೂಡಿದವು. ಇನ್ನು ತಪ್ಪಿಸಿಕೊಳ್ಳುವ ದಾರಿ ತೆರೆದಿದೆಯೇ? ಊರವರ ಮಾತು ಬರೀ ಊಹೆ. ಗುರುತು ಸಿಗಲಿಲ್ಲ ಎಂದು ಘಟನೆಯೇ ಹೇಳಿರುವಾಗ ಕಡಿದರು ಎಂದು ನಾವು ತೀರ್ಮಾನಿಸುವಂತಿಲ್ಲ. ಹಾಗಾಗಿ ಹೊಣೆ ಉಳಿಯಿತು.

ಅ ಮತ್ತು ಆ ಬಿದ್ದವು. ಇ ಮತ್ತು ಈ ಎರಡೂ ಹೌದು ಎನ್ನುತ್ತವೆ, ಆದರೆ ಇ ಕೊಡುವ ಕಾರಣ ನಿರ್ಲಕ್ಷ್ಯ. ನಿಯಮ ಅದನ್ನು ಕೇಳಿಯೇ ಇಲ್ಲ, ಘಟನೆ ಅದಕ್ಕೆ ವಿರುದ್ಧವಾಗಿದೆ. ಸರಿ ಉತ್ತರ ಈ.

ಇಂಥ ಪ್ರಶ್ನೆಗೆ ಮೂಲ ಇಂಗ್ಲೆಂಡಿನ ರೈಲಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆ. 1868ರಲ್ಲಿ ತೀರ್ಪಾದ ಆ ಜಗಳವೂ ನೀರಿನದೇ. ಗಿರಣಿಗೆಂದು ಕಟ್ಟಿಸಿದ ಕೆರೆಯ ನೀರು ಹಳೆಯ ಸುರಂಗಗಳ ಮೂಲಕ ಪಕ್ಕದವರ ಗಣಿಗೆ ನುಗ್ಗಿತ್ತು.

ಅದೇ ಕಥೆಗೆ ನಿಯಮ ಬದಲಾಯಿಸಿದ್ರೆ ಉತ್ತರ ಬದಲಾಗುತ್ತಾ ಸಾರ್?

ಬದಲಾಗುತ್ತದೆ. ಬಸವರಾಜನ ಹೊಂಡವನ್ನೇ ಇಟ್ಟುಕೊಂಡು ನಿಯಮ ಮಾತ್ರ ಬದಲಿಸೋಣ.

ನಿಯಮ ಹೀಗಿದೆ ಎನ್ನಿ: 'ತನ್ನ ನಿರ್ಲಕ್ಷ್ಯದಿಂದ ಹಾನಿಯಾದರೆ ಮಾತ್ರ ಒಬ್ಬನು ಹೊಣೆಗಾರ.' ಎಂಜಿನಿಯರ್ ಹೇಳಿದಂತೆ ಕಟ್ಟಿಸಿದ್ದಾನೆ, ವಾರಕ್ಕೊಮ್ಮೆ ನೋಡಿದ್ದಾನೆ, ನಿರ್ಲಕ್ಷ್ಯ ತೋರಿಸುವ ಒಂದು ಸಾಲೂ ಘಟನೆಯಲ್ಲಿಲ್ಲ. ಈಗ ಅ ಸರಿ. ಮೊದಲು ಕೆಲಸಕ್ಕೆ ಬಾರದ ಎಂಜಿನಿಯರನ ಸಾಲು ಈಗ ಇಡೀ ಉತ್ತರವನ್ನು ಹೊತ್ತು ನಿಂತಿದೆ.

ಇನ್ನೊಂದು ನಿಯಮ: 'ಹಾನಿ ಮಾಡಬಲ್ಲ ವಸ್ತುವನ್ನು ಕೂಡಿಟ್ಟವನು ಅದರಿಂದಾದ ಹಾನಿಗೆ ಯಾವ ವಿನಾಯಿತಿಯೂ ಇಲ್ಲದೆ ಹೊಣೆಗಾರ.' ಜೊತೆಗೆ ಘಟನೆಯಲ್ಲೂ ಒಂದು ಸಾಲು ಬದಲಿಸಿ. ರಾತ್ರಿ ಯಾರೋ ಗುದ್ದಲಿಯಿಂದ ಬದು ಕಡಿದದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಮೊದಲ ನಿಯಮದಲ್ಲಿ ಇಷ್ಟು ಸಾಕಾಗಿತ್ತು, ಬಸವರಾಜ ಪಾರಾಗುತ್ತಿದ್ದ. ಈ ನಿಯಮದಲ್ಲಿ ಬೇರೆಯವನು ಕಡಿದರೂ ಬಸವರಾಜನೇ ಹೊಣೆ.

ಮೂರನೆಯದು ನಿಜವಾದ ಕಾನೂನಿಗಿಂತ ಬಿಗಿ. 1985ರ ಡಿಸೆಂಬರಿನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ, ಎಂ.ಸಿ. ಮೆಹ್ತಾ ಮೊಕದ್ದಮೆ ಎಂದು ಕರೆಯುವ 1986ರ ತೀರ್ಪಿನಲ್ಲಿ, ಸುಪ್ರೀಂ ಕೋರ್ಟು ವಿನಾಯಿತಿ ಇಲ್ಲದ ಹೊಣೆಯನ್ನು ಹೇಳಿತು. ಆದರೆ ಅದನ್ನು ಹೇಳಿದ್ದು ಅಪಾಯಕಾರಿ ಉದ್ಯಮಗಳಿಗೆ. ರೈತನ ಹೊಂಡವನ್ನು ಅದರಡಿ ತರುವುದು ಕಷ್ಟ. ಇದೆಲ್ಲ ಗೊತ್ತಿದ್ದ ವಿದ್ಯಾರ್ಥಿ 'ಹೊಂಡಕ್ಕೆ ಇದು ಹತ್ತುವುದಿಲ್ಲ' ಎಂದು ಬರೆದರೆ ಅಂಕ ಹೋಯಿತು. ಕೊಟ್ಟ ನಿಯಮದಲ್ಲಿ ಉದ್ಯಮ ಎಂಬ ಪದವೇ ಇಲ್ಲ.

ಹೌದು-ಅಲ್ಲ ಸರಿ ಬರ್ತದ, ಕಾರಣ ತಪ್ಪತೈತಿ. ಎರಡರ ನಡುವೆ ಸಿಕ್ಕಾಕ್ಕೋತೀನಿ.

ಉಳಿದ ಎರಡು ಆಯ್ಕೆಗಳಲ್ಲಿ 'ಏಕೆಂದರೆ' ಆದ ಮೇಲಿನ ಭಾಗವನ್ನಷ್ಟೇ ಓದಿ, ಎರಡು ಮಾತು ಕೇಳಿಕೊಳ್ಳಿ. ಈ ಕಾರಣ ನಿಯಮದ ಯಾವ ತುಂಡಿಗೆ ಕೂಡುತ್ತದೆ? ಇದರಲ್ಲಿ ಹೇಳಿದ ಸಂಗತಿ ಘಟನೆಯ ಯಾವ ಸಾಲಿನಲ್ಲಿದೆ? ಎರಡಕ್ಕೂ ಬೆರಳಿಟ್ಟು ತೋರಿಸಲು ಆಗದಿದ್ದರೆ ಆ ಆಯ್ಕೆ ಬಿಡಿ.

ಮಕ್ಕಳನ್ನು ಎಳೆಯುವುದು ಹೆಚ್ಚಾಗಿ ಸತ್ಯವಾದ, ಆದರೆ ಇಲ್ಲಿ ಬೇಡವಾದ ಕಾರಣ. 'ಎಲ್ಲ ಎಚ್ಚರಿಕೆ ವಹಿಸಿದ್ದ' ಎನ್ನುವುದು ಬಸವರಾಜನ ಬಗ್ಗೆ ಪೂರಾ ನಿಜ. ಆದರೆ ಮೊದಲ ನಿಯಮಕ್ಕೆ ಅದರ ಅಗತ್ಯವಿಲ್ಲ. ಕ್ಲ್ಯಾಟ್‌ನಲ್ಲಿ ತಪ್ಪು ಉತ್ತರಕ್ಕೆ 0.25 ಅಂಕ ಕಳೆಯುತ್ತಾರೆ. ಆದರೂ ಎರಡು ಆಯ್ಕೆ ಖಚಿತವಾಗಿ ಬಿದ್ದ ಮೇಲೆ ಪ್ರಶ್ನೆ ಬಿಟ್ಟುಬಿಡಬೇಡಿ. ಇನ್ನೊಮ್ಮೆ ನಿಯಮ ಓದಿ ಒಂದನ್ನು ಗುರುತಿಸಿ.

ನಂದು ಹತ್ತನೇ ತನಕ ಕನ್ನಡ ಮಾಧ್ಯಮ. ಪ್ರಶ್ನೆಪತ್ರಿಕೆ ಇಂಗ್ಲಿಷ್. ಯಾವ ಪದ ನೋಡಿ ಹುಷಾರಾಗಬೇಕು?

ದೊಡ್ಡ ಪದಗಳಿಗಿಂತ ಸಣ್ಣವೇ ಹೆಚ್ಚು ಕಾಡುತ್ತವೆ. ಎರಡು ಷರತ್ತಿನ ನಡುವೆ 'ಆ್ಯಂಡ್' ಇದ್ದರೆ ಎರಡೂ ಬೇಕು, 'ಆರ್' ಇದ್ದರೆ ಒಂದು ಸಾಕು. 'ಅನ್‌ಲೆಸ್', 'ಎಕ್ಸೆಪ್ಟ್', 'ಪ್ರೊವೈಡೆಡ್ ದಟ್' ಕಂಡ ಕಡೆ ಕೆಳಗೆ ಗೆರೆ ಎಳೆಯಿರಿ, ಏಕೆಂದರೆ ವಿನಾಯಿತಿಯೋ ಹೊಸ ಷರತ್ತೋ ಅಲ್ಲಿಂದ ಶುರುವಾಗುತ್ತದೆ. 'ಓನ್ಲಿ' ಇದ್ದರೆ ಬೇರೆ ದಾರಿ ಮುಚ್ಚಿತು ಎಂದರ್ಥ. 'ಈವನ್ ಇಫ್' ಎಂದರೆ ಅದರ ಮುಂದಿನ ಸಂಗತಿ ಇದ್ದರೂ ಇಲ್ಲದಿದ್ದರೂ ಉತ್ತರ ಅದೇ. ನಿಯಮವನ್ನು ಮನಸ್ಸಿನಲ್ಲಿ ಒಮ್ಮೆ ಕನ್ನಡದಲ್ಲಿ ಹೇಳಿಕೊಂಡು ಮುಂದೆ ಹೋದರೆ ಕಳೆದುಕೊಳ್ಳುವ ಸಮಯ ಬಹಳ ಕಡಿಮೆ.

## ತೊಡಕಿನ ಪ್ರಶ್ನೆಗಳು

ನಿಯಮ ಏನೂ ಹೇಳದೇ ಬಿಟ್ಟಿರ್ತದಲ್ಲ, ಅಲ್ಲಿ ನನಗೆ ಗೊತ್ತಿರೋ ಕಾನೂನು ಹಾಕಬಹುದಾ?

ಇದು ಒಳ್ಳೆಯ ಪ್ರಶ್ನೆ. ನಿಯಮ ಕಾನೂನಿಗೆ ವಿರುದ್ಧವಾಗಿದ್ದಾಗ ಎಲ್ಲರೂ ಎಚ್ಚರವಾಗಿರುತ್ತಾರೆ, ಸುಮ್ಮನಿದ್ದಾಗ ಜಾರುತ್ತಾರೆ.

ನಿಯಮ: ಬೇರೆಯವರ ಚರ ವಸ್ತುವನ್ನು ಒಪ್ಪಿಗೆ ಇಲ್ಲದೆ ಅಪ್ರಾಮಾಣಿಕವಾಗಿ ಒಯ್ಯುವ ಯಾವುದೇ ವ್ಯಕ್ತಿ ಕಳ್ಳತನ ಮಾಡಿದಂತೆ. ಘಟನೆ: ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಆರು ವರ್ಷದ ಹುಡುಗ, ದುಡ್ಡು ಕೊಡಬೇಕು ಎಂದು ಗೊತ್ತಿದ್ದೂ, ಅಂಗಡಿಯವನ ಕಣ್ಣು ತಪ್ಪಿಸಿ ಕಿನ್ನಾಳದ ಗೊಂಬೆಯೊಂದನ್ನು ತನ್ನದಾಗಿ ಮಾಡಿಕೊಳ್ಳಲು ಒಯ್ದ.

ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ ಎನ್ನುವುದು ನಮ್ಮ ಕಾನೂನು. ಆದರೆ ಇಲ್ಲಿನ ನಿಯಮ 'ಯಾವುದೇ ವ್ಯಕ್ತಿ' ಎಂದಿದೆ, ವಯಸ್ಸಿನ ಮಾತೇ ಎತ್ತಿಲ್ಲ. 'ಆತ ಏಳು ವರ್ಷದೊಳಗಿನವನು' ಎನ್ನುವ ಕಾರಣ ಹೊರಗಿನಿಂದ ಬಂದದ್ದು, ಅದನ್ನು ಗುರುತಿಸಬಾರದು. ವಯಸ್ಸಿನ ವಿನಾಯಿತಿ ಬೇಕಿದ್ದರೆ ಪ್ರಶ್ನೆ ಮಾಡಿದವರು ಅದನ್ನು ಎರಡನೇ ನಿಯಮವಾಗಿ ಕೊಡುತ್ತಾರೆ.

ಹೊರಗಿನಿಂದ ತರಬಹುದಾದದ್ದು ಸಾಮಾನ್ಯ ತಿಳಿವಳಿಕೆ ಮಾತ್ರ. ಗೊಂಬೆ ಚರ ವಸ್ತು, ನೀರು ತಗ್ಗಿಗೆ ಹರಿಯುತ್ತದೆ ಎಂಬುದನ್ನು ಯಾರೂ ಬರೆದುಕೊಡಬೇಕಿಲ್ಲ. ನಿಯಮ ಒಂದು ಪದಕ್ಕೆ ಅರ್ಥ ಕೊಡದಿದ್ದರೆ ಬಳಕೆಯ ಅರ್ಥವನ್ನೇ ಹಿಡಿಯಿರಿ. ಕೊಟ್ಟಿದ್ದರೆ, ಎಷ್ಟೇ ವಿಚಿತ್ರವಾಗಿದ್ದರೂ, ಆ ಅರ್ಥವೇ ನಡೆಯುತ್ತದೆ.

ಒಬ್ಬರಿಗೆ ಅನ್ಯಾಯ ಆಗ್ತದ ಅಂತ ಕಾಣ್ತದ, ಆದ್ರೂ ಹಂಗೇ ಉತ್ತರ ಕೊಡಬೇಕಾ ಸರ?

ಕೊಡಬೇಕು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಹತ್ತೊಂಬತ್ತು ಎಂದು ಸುಳ್ಳು ಹೇಳಿ ಜೀನ್ಸ್ ಹೊಲಿಯುವ ಮಷೀನನ್ನು ಉದ್ರಿ ಒಯ್ದ, ಆಮೇಲೆ ಹಣ ಕೊಡಲಿಲ್ಲ. 'ಹದಿನೆಂಟು ತುಂಬದವರ ಒಪ್ಪಂದಕ್ಕೆ ಬೆಲೆ ಇಲ್ಲ, ಅದರ ಮೇಲೆ ಹಣ ಕೇಳುವಂತಿಲ್ಲ, ವಯಸ್ಸಿನ ಬಗ್ಗೆ ಸುಳ್ಳು ಹೇಳಿದ್ದರೂ' ಎಂಬುದು ನಿಯಮವಾಗಿದ್ದರೆ ಅಂಗಡಿಯವನು ಆ ಒಪ್ಪಂದ ಹಿಡಿದು ಹಣ ವಸೂಲು ಮಾಡುವಂತಿಲ್ಲ. ಹೊಟ್ಟೆ ಉರಿಯುತ್ತದೆ, ಆದರೂ ಉತ್ತರ ಅದೇ. 'ಸುಳ್ಳು ಹೇಳಿದವನಿಗೆ ಲಾಭವಾಗಬಾರದು' ಎಂಬ ಆಯ್ಕೆ ಖಂಡಿತ ಇರುತ್ತದೆ, ಅದನ್ನು ನಮ್ಮ ಸಿಟ್ಟಿಗಾಗಿಯೇ ಇಟ್ಟಿರುತ್ತಾರೆ.

ಇಲ್ಲಿ ನಿಜವಾದ ಕಾನೂನೂ ದೂರದಲ್ಲಿಲ್ಲ. 1903ರಲ್ಲಿ ಮೊಹೊರಿ ಬೀಬಿ ಮೊಕದ್ದಮೆಯಲ್ಲಿ, ಆಗ ನಮ್ಮ ಮೇಲ್ಮನವಿಗಳ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಪ್ರಾಪ್ತನು ಮಾಡಿಕೊಂಡ ಅಡಮಾನ ಅಸಿಂಧು ಎಂದಿತು, ಸಾಲ ವಾಪಸು ಕೊಡಿಸಲೂ ಒಪ್ಪಲಿಲ್ಲ. ಆದರೆ ಪರೀಕ್ಷೆಯ ನಿಯಮ 'ಹದಿನಾರು ತುಂಬಿದವರು ಒಪ್ಪಂದ ಮಾಡಿಕೊಳ್ಳಬಹುದು' ಎಂದಿದ್ದರೆ, ಮೊಹೊರಿ ಬೀಬಿಯನ್ನು ಪಕ್ಕಕ್ಕಿಟ್ಟು ಹುಡುಗ ಹಣ ಕೊಡಬೇಕು ಎಂದೇ ಬರೆಯಿರಿ.

ಎರಡು ನಿಯಮ ಕೊಟ್ಟು, ಒಂದು ಹೊಣೆ ಅಂತದ, ಇನ್ನೊಂದು ಅಲ್ಲ ಅಂತದ. ಯಾವುದು ಹಿಡಿಯೋದು?

ಯಾವುದು ಹೆಚ್ಚು ಕಿರಿದಾದ ಸಂದರ್ಭಕ್ಕೆ ಮಾಡಿದ್ದು ಎಂದು ನೋಡಿ. ಎರಡನೆಯದು ಹೆಚ್ಚಾಗಿ ಮೊದಲನೆಯದರ ಒಳಗಿಂದ ಒಂದು ತುಂಡನ್ನು ಹೊರತೆಗೆಯುತ್ತದೆ.

ನಿಯಮ 1: ಕೆಲಸಗಾರ ಕೆಲಸ ಮಾಡುತ್ತಿರುವಾಗ ಬೇರೆಯವರಿಗೆ ಮಾಡಿದ ಹಾನಿಗೆ ಮಾಲೀಕ ಹೊಣೆ. ನಿಯಮ 2: ಮಾಲೀಕ ಸ್ಪಷ್ಟವಾಗಿ ಬೇಡ ಎಂದದ್ದನ್ನು ಕೆಲಸಗಾರ ಮಾಡಿದ್ದರಿಂದ ಹಾನಿಯಾದರೆ ಮಾಲೀಕ ಹೊಣೆಯಲ್ಲ.

ಘಟನೆ: ಕಾರಟಗಿಯ ರೈಸ್ ಮಿಲ್ ಮಾಲೀಕರು ಲಾರಿ ಚಾಲಕನಿಗೆ, ಬೇರೆ ಲಾರಿಗಳ ಜೊತೆ ಪೈಪೋಟಿಗೆ ಬೀಳಬೇಡ ಎಂದು ಬರೆದುಕೊಟ್ಟಿದ್ದಾರೆ. ಅಕ್ಕಿ ಹೇರಿಕೊಂಡು ಹೋಗುವಾಗ ಆತ ಇನ್ನೊಂದು ಲಾರಿಯ ಜೊತೆ ಪೈಪೋಟಿಗಿಳಿದು ಬೈಕಿಗೆ ಗುದ್ದಿದ. ಮಾಲೀಕರು ಹೊಣೆಯೇ?

ಮೊದಲನೆಯದೊಂದೇ ಇದ್ದರೆ ಹೊಣೆ. ಆದರೆ ಆತ ಕೆಲಸದ ಮೇಲಿದ್ದುಕೊಂಡೇ ಬೇಡ ಎಂದದ್ದನ್ನು ಮಾಡಿದ್ದಾನೆ, ಹಾನಿಯೂ ಅದರಿಂದಲೇ ಆಗಿದೆ. ಇದು ಎರಡನೇ ನಿಯಮದ ಜಾಗ, ಮಾಲೀಕರು ಹೊಣೆಯಲ್ಲ. ಚೆನ್ನಾಗಿ ಓದಿಕೊಂಡವರು ಎಡವುವುದು ಇಲ್ಲೇ. ಇಂಗ್ಲೆಂಡಿನ 1862ರ ಲಿಂಪಸ್ ಮೊಕದ್ದಮೆಯಲ್ಲಿ ಕುದುರೆ ಬಸ್ಸಿನ ಚಾಲಕರಿಗೆ ಪೈಪೋಟಿ ಬೇಡ ಎಂದು ಕಂಪನಿ ತಿಳಿಸಿದ್ದರೂ ಕಂಪನಿಯನ್ನೇ ಹೊಣೆ ಮಾಡಿದರು. ಬೇಡ ಎಂದ ಮಾತ್ರಕ್ಕೆ ಮಾಲೀಕ ಪಾರಾಗುವುದಿಲ್ಲ ಎಂಬುದೇ ಆ ತೀರ್ಪಿನ ತಿರುಳು. ನಮ್ಮ ಪ್ರಶ್ನೆಯ ಎರಡನೇ ನಿಯಮ ಅದಕ್ಕೆ ನೇರ ಎದುರು, ಮತ್ತು ಪರೀಕ್ಷೆಯಲ್ಲಿ ಗೆಲ್ಲುವುದು ಆ ನಿಯಮವೇ.

ಇನ್ನೊಂದು ಸಾಲು ಸೇರಿಸಿ ನೋಡಿ: ಪೈಪೋಟಿ ಮುಗಿದು ಲಾರಿ ನಿಧಾನವಾಗಿ ಹೋಗುತ್ತಿತ್ತು, ಆಮೇಲೆ ಚಾಲಕನ ಅಜಾಗರೂಕತೆಯಿಂದ ಗುದ್ದಿತು. ಈಗ ಹಾನಿ ಆದದ್ದು ಬೇಡ ಎಂದದ್ದರಿಂದಲ್ಲ. ಎರಡನೇ ನಿಯಮ ಹಿಂದೆ ಸರಿಯಿತು, ಮಾಲೀಕರು ಮತ್ತೆ ಹೊಣೆ.

ಹಂಗಾದ್ರ ನಿಜವಾದ ಕಾನೂನು ಓದಬೇಕೋ ಬ್ಯಾಡೋ?

ಸ್ವಲ್ಪ ಓದಿ. ಹೊಣೆ, ನಿರ್ಲಕ್ಷ್ಯ, ಅಸಿಂಧು, ಸ್ವಾಧೀನ ಇಂಥ ಪದಗಳು ಪರಿಚಯವಿದ್ದರೆ ಗದ್ಯಭಾಗ ಬೇಗ ಓಡುತ್ತದೆ. ಆದರೆ ಅಭ್ಯಾಸದ ಕ್ರಮ ಹೀಗಿರಲಿ: ಮೊದಲು ಕೊಟ್ಟ ನಿಯಮದಿಂದಲೇ ಉತ್ತರ ಬರೆಯಿರಿ, ಉತ್ತರ ನೋಡಿಕೊಳ್ಳಿ, ಆಮೇಲೆ ನೋಟ್‌ಬುಕ್ಕಿನ ಎದುರು ಪುಟದಲ್ಲಿ ನಿಜವಾದ ಕಾನೂನು ಏನನ್ನುತ್ತದೆ ಎಂದು ಒಂದು ಸಾಲು ಬರೆಯಿರಿ. ತಪ್ಪಾದ ಪ್ರಶ್ನೆಯ ಪಕ್ಕದಲ್ಲಿ, ನಿಮ್ಮನ್ನು ದಾರಿ ತಪ್ಪಿಸಿದ ಪದ ನಿಯಮದಲ್ಲಿತ್ತೋ, ಘಟನೆಯಲ್ಲಿತ್ತೋ, ನಿಮ್ಮ ತಲೆಯಲ್ಲಿತ್ತೋ ಎಂದು ಗುರುತು ಹಾಕಿ. ನಿಯಮದಲ್ಲಿದ್ದರೆ ಸಣ್ಣ ಪದಗಳ ಓದು ಸಾಲದು. ಘಟನೆಯಲ್ಲಿದ್ದರೆ ಒಂದು ಸಾಲು ಹಾರಿಸಿದ್ದೀರಿ. ತಲೆಯಲ್ಲಿದ್ದದ್ದೇ ಹೆಚ್ಚಾಗಿ ಬರುತ್ತಿದ್ದರೆ ಒಂದು ವಾರ ಕಾನೂನಿನ ಪುಸ್ತಕ ಮುಚ್ಚಿಟ್ಟು ಹಳೆಯ ಚಿಕ್ಕ ಪ್ರಶ್ನೆಗಳನ್ನಷ್ಟೇ ಬಿಡಿಸಿ.